ಆಕಾಶಕ್ಕೆ ಒಂದೇ ಚಾನೆಲ್ ಸಾಲದು

ಎಚ್.ಡಿ. ಕೋಟೆಯ ಓದುಗರೊಬ್ಬರು ಕಬಿನಿ ಹಿನ್ನೀರಿನ ಒಣಮರದ ಚಿತ್ರ ಕಳಿಸಿದ್ದಾರೆ. 1974ರಲ್ಲಿ ಮುಗಿದ ಅಣೆಕಟ್ಟಿನ ನೀರಿಗೆ ಸಿಕ್ಕಿ ನಿಂತಲ್ಲೇ ಸತ್ತ ಮರಗಳ ಪೈಕಿ ಒಂದು. ಹಿಂದೆ ಸಂಜೆಯ ಆಕಾಶ. ಅವರಿಗೆ ಮರದ ಕಪ್ಪು ಆಕೃತಿಯಷ್ಟೇ ಬೇಕು. Magic Wand ಒತ್ತಿ ಆಕಾಶ ಅಳಿಸಿದ್ದಾರೆ. ತುದಿಯ ಸಣ್ಣ ರೆಂಬೆಗಳು ಮಾಯವಾಗಿವೆ, ಉಳಿದವುಗಳ ಅಂಚಿಗೆ ಕಿತ್ತಳೆ ಬಣ್ಣದ ಎಳೆ ಅಂಟಿಕೊಂಡಿದೆ.

ಇಂಥ ಮರದ ಹಿಂದೆ ಇನ್ನೆಲ್ಲಿಯದೋ ಮೋಡ ತಂದು ಅಂಟಿಸುವ ಬಳಗದ ಜತೆ ನನ್ನ ಜಗಳ ಹಳೆಯದು. ಇವರು ಹಾಗೆ ಮಾಡದೆ ಆಕಾಶವನ್ನೇ ತೆಗೆಯಹೊರಟದ್ದು ನನಗೆ ಇಷ್ಟವಾಯಿತು. ದಾರಿ ಮಾತ್ರ ಬೇರೆ ಹಿಡಿಯಬೇಕಿತ್ತು.

ಆಕಾಶವೆಂದರೆ ನೀಲಿ ಚಾನೆಲ್ ಎಂಬುದು ಮಧ್ಯಾಹ್ನದ ಪಾಠ. ಸಂಜೆ ದಿಗಂತದ ಬಳಿ ಕಿತ್ತಳೆ ತುಂಬಿರುತ್ತದೆ. ಅಲ್ಲಿ ಕೆಂಪು ಚಾನೆಲ್ ಬೆಳ್ಳಗಿರುತ್ತದೆ, ನೀಲಿ ಚಾನೆಲ್ ಮರದಷ್ಟೇ ಕಪ್ಪಾಗಿರುತ್ತದೆ. ಮೇಲಕ್ಕೆ ಹೋದಂತೆ ಲೆಕ್ಕ ತಿರುಗುಮುರುಗು. ಬುಡಕ್ಕೆ ಒಂದು, ನೆತ್ತಿಗೆ ಇನ್ನೊಂದು ಬೇಕು. ಎರಡನ್ನೂ ಕೂಡಿಸಲು ಫೋಟೋಶಾಪಿನಲ್ಲಿ Calculations ಇದೆ. Source 1ಕ್ಕೆ Red, Source 2ಕ್ಕೆ Blue, Blending ಜಾಗದಲ್ಲಿ Lighten, Result ಎಂಬಲ್ಲಿ New Channel. ಪ್ರತಿ ಬಿಂದುವಿನಲ್ಲೂ ಎರಡರಲ್ಲಿ ಬೆಳ್ಳಗಿರುವುದೇ ಉಳಿಯುತ್ತದೆ. ಮರ ಎರಡರಲ್ಲೂ ಕಪ್ಪು, ಹಾಗಾಗಿ ಕಪ್ಪಾಗಿಯೇ ನಿಲ್ಲುತ್ತದೆ.

ಆಮೇಲೆ Levelsನಲ್ಲಿ ಕಪ್ಪು, ಬಿಳಿ ತುದಿಗಳನ್ನು ಒಳಕ್ಕೆ ಎಳೆಯಿರಿ. ಬಿಳಿಯ ತುದಿಯನ್ನು ಅತಿಯಾಗಿ ಎಳೆದರೆ ರೆಂಬೆ ಸವೆಯುತ್ತದೆ. ಪರದೆಯನ್ನು ನೂರಕ್ಕೆ ನೂರು ಹಿಗ್ಗಿಸಿಕೊಂಡು, ಅತಿ ಸಣ್ಣ ಕಡ್ಡಿ ತುಂಡಾಗುವ ಮುಂಚೆ ನಿಲ್ಲಿಸಿ. ನಂತರ Ctrl+I ಒತ್ತಿ ಮರವನ್ನು ಬಿಳಿ ಮಾಡಿ, Ctrl ಹಿಡಿದು ಆ ಚಾನೆಲಿನ ಪುಟ್ಟ ಚಿತ್ರ ಒತ್ತಿದರೆ ಮರ ಆಯ್ಕೆಯಾಗುತ್ತದೆ.

ಈಗ ಫೋಟೋದಿಂದ ಮರ ಕತ್ತರಿಸಬೇಡಿ. ಹೊಸ ಲೇಯರ್ ತೆರೆದು ಆ ಆಯ್ಕೆಯೊಳಗೆ ಕಪ್ಪು ತುಂಬಿ, ಮೂಲ ಫೋಟೋದ ಕಣ್ಣು ಮುಚ್ಚಿಬಿಡಿ. ಕತ್ತರಿಸಿದ ಅಂಚಿನ ಬಿಂದುಗಳಲ್ಲಿ ಆಕಾಶದ ಬಣ್ಣ ಬೆರೆತಿರುತ್ತದೆ, ಕಿತ್ತಳೆ ಎಳೆ ಬಂದದ್ದು ಅಲ್ಲಿಂದ. ಸುರಿದ ಕಪ್ಪಿನಲ್ಲಿ ಆ ಬಣ್ಣವೇ ಇರುವುದಿಲ್ಲ.

ಸೂರ್ಯ ರೆಂಬೆಯ ಹಿಂದೆಯೇ ಇದ್ದ ಚಿತ್ರಕ್ಕೆ ಈ ಉಪಾಯ ನಡೆಯದು. ಬೆಳಕು ರೆಂಬೆಯನ್ನು ತಿಂದುಹಾಕಿರುತ್ತದೆ, ಇಲ್ಲದ ಗೆರೆಯನ್ನು ಯಾವ ಚಾನೆಲೂ ಕೊಡುವುದಿಲ್ಲ. ಸೂರ್ಯ ಮುಳುಗಿದ ಮೇಲೆ ತೆಗೆಯಿರಿ.

ಕಬಿನಿಯಲ್ಲಿ ಇನ್ನೊಂದು ತೊಡಕಿದೆ. ನೀರೂ ಆಕಾಶದಷ್ಟೇ ಬೆಳ್ಳಗಿರುವುದರಿಂದ ಅದೂ ಅಳಿಯುತ್ತದೆ, ಮರದ ಪ್ರತಿಬಿಂಬ ಮಾತ್ರ ಉಳಿದು ಕಾಂಡ ಕೆಳಕ್ಕೆ ಬೆಳೆದಂತೆ ಕಾಣುತ್ತದೆ. Ctrl+I ಒತ್ತಿದ ಮೇಲೆ, ಆಯ್ಕೆ ಮಾಡುವ ಮುಂಚೆ, ನೀರಿನ ಗೆರೆಯಿಂದ ಕೆಳಗಿನದಕ್ಕೆಲ್ಲ ಚಾನೆಲಿನಲ್ಲೇ ಕಪ್ಪು ಬಳಿಯಿರಿ. ಕೊನೆಗೆ PNG ಆಗಿ ಉಳಿಸಿ. JPEGನಲ್ಲಿ ಪಾರದರ್ಶಕತೆ ಉಳಿಯದು, ಅಳಿಸಿದ ಜಾಗಕ್ಕೆ ಬಿಳಿ ಬಂದು ಕೂರುತ್ತದೆ.