ನೆರಳು ದೀಪದ್ದು, ಬಿಂಬ ಕಣ್ಣಿನದು

ಗಾಣದ ಎಣ್ಣೆಯ ಜಾಹೀರಾತುಗಳನ್ನ ನೀವೂ ನೋಡಿರ್ತೀರಿ. ವಾರ್ನಿಶ್ ಹೊಡೆದ ಮರದ ಮೇಜು, ಎಡಕ್ಕೆ ಕಿಟಕಿ, ಒಂದು ಬಟ್ಟಲಲ್ಲಿ ಶೇಂಗಾ, ನಡುವೆ ಬಾಟ್ಲಿ. ಈಚೆಗೆ ಅಂಥ ಒಂದು ಚಿತ್ರ ಕಣ್ಣಿಗೆ ಬಿತ್ತು. ಮೇಜು ನಿಜ, ಬಾಟ್ಲಿ ನಿಜ. ಆದರೆ ಬಾಟ್ಲಿ ಮೇಜಿನ ಮೇಲೆ ಕೂತಿಲ್ಲ, ತೇಲ್ತಾ ಇದೆ. ಅಪ್ಪಟ ಎಣ್ಣೆ ಅಂತ ಬರೆದ ಚಿತ್ರವೇ ಕಲಬೆರಕೆಯ ಹಾಗೆ ಕಂಡರೆ ಕೊಳ್ಳೋನು ಏನನ್ನ ನಂಬಬೇಕು?

ಚಿತ್ರ ಮಾಡಿದವರು ನೆರಳನ್ನೂ ಬಿಂಬವನ್ನೂ ಒಂದೇ ಜಾತಿಗೆ ಸೇರಿಸಿಬಿಟ್ಟಿದ್ದಾರೆ, ತೊಂದರೆ ಅಲ್ಲೇ. ಎರಡನ್ನೂ ಬಾಟ್ಲಿಯ ಕೆಳಗೆ ಕಪ್ಪಗೆ, ಮಸುಕಾಗಿ ಇಳಿಸಿದ್ದಾರೆ. ಆದರೆ ನೆರಳು ದೀಪದ್ದು, ಬಿಂಬ ಕಣ್ಣಿನದು. ಕಿಟಕಿ ಬೇರೆ ಕಡೆಗಿದ್ದರೆ ನೆರಳು ಜಾಗ ಬದಲಿಸುತ್ತೆ, ಬಿಂಬ ಅಲ್ಲೇ ಇರುತ್ತೆ. ಕ್ಯಾಮೆರಾ ಸರಿಸಿದರೆ ಮೇಜಿನ ಮೇಲೆ ಬಿಂಬದ ಜಾಗ ಬದಲಾಗುತ್ತೆ, ನೆರಳು ಅಲುಗಾಡಲ್ಲ. ಈ ಚಿತ್ರದಲ್ಲಿ ಕಿಟಕಿ ಎಡಕ್ಕಿದೆ, ಶೇಂಗಾ ಬಟ್ಟಲಿನ ನೆರಳು ಬಲಕ್ಕೆ ಚಾಚಿದೆ. ಬಾಟ್ಲಿಯ ನೆರಳು ಮಾತ್ರ ನೇರ ನಮ್ಮ ಕಡೆಗೆ ಬಿದ್ದಿದೆ! ಬಟ್ಟಲಿನ ನೆರಳನ್ನ ನೋಡಿಕೊಂಡಿದ್ದರೆ ಸಾಕಿತ್ತು: ದಿಕ್ಕು, ಬಣ್ಣ, ಅಂಚು ಎಷ್ಟು ಮೆತ್ತಗಿದೆ, ಎಲ್ಲಾ ಅಲ್ಲೇ ಇದೆ. ತಳದ ಹತ್ತಿರ ದಟ್ಟ, ಅಂಚು ಚೂಪು. ದೂರ ಹೋದ ಹಾಗೆ ತಿಳಿ, ಅಂಚು ಹರಡಿದ್ದು. ಅದೇ ಬಟ್ಟಲಿನ ನೆರಳಿಂದ ಕಡುಗಂದು ಬಣ್ಣ ಎತ್ತಿಕೊಂಡು, ಬೇರೆ ಲೇಯರಲ್ಲಿ Multiply ಇಟ್ಟು ಬಳಿದರೆ ಮರದ ಗೆರೆಗಳು ನೆರಳೊಳಗೂ ಕಾಣ್ತವೆ.

ಬಿಂಬದ ಕಥೆ ಇನ್ನೂ ಮಜವಾಗಿದೆ. ಬಾಟ್ಲಿಯ ಫೋಟೋವನ್ನೇ ತಲೆಕೆಳಗು ಮಾಡಿ ಕೆಳಗೆ ಅಂಟಿಸಿದ್ದಾರೆ. ಕ್ಯಾಮೆರಾ ಸ್ವಲ್ಪ ಮೇಲಿಂದ ನೋಡ್ತಿರೋದರಿಂದ ಮುಚ್ಚಳದ ಮೇಲ್ಭಾಗ ನಮಗೆ ಕಾಣುತ್ತೆ, ಸರಿ. ಆದರೆ ಬಿಂಬದಲ್ಲೂ ಅದೇ ಮೇಲ್ಭಾಗ ಕಾಣ್ತಿದೆ. ಮೇಜು ಬಾಟ್ಲಿಯನ್ನ ನೋಡೋದು ಕೆಳಗಿನಿಂದ, ಮುಚ್ಚಳದ ನೆತ್ತಿ ಅದಕ್ಕೆ ಕಾಣೋದಾದರೂ ಹೇಗೆ? ಇನ್ನು ತಳದ ಅಂಚು. ದುಂಡು ಬಾಟ್ಲಿಯ ತಳ ಫೋಟೋದಲ್ಲಿ ಕೆಳಕ್ಕೆ ಬಾಗಿರುತ್ತೆ, ನಗುವ ಬಾಯಿಯ ಹಾಗೆ. ತಲೆಕೆಳಗು ಮಾಡಿದಾಗ ಅದು ಮೇಲಕ್ಕೆ ಬಾಗುತ್ತೆ. ಎರಡೂ ನಡುವೆ ಒಂದೇ ಕಡೆ ತಾಗಿ, ಎರಡೂ ಬದಿಯಲ್ಲಿ ಸಂದು ಬಿಟ್ಕೊಳ್ತವೆ. ಬಾಟ್ಲಿ ತೇಲಿದ ಹಾಗೆ ಕಾಣೋದು ಈ ಸಂದಿನಿಂದಲೇ.

ಇದಕ್ಕೆ ದಾರಿ ಇದೆ. ತಲೆಕೆಳಗು ಮಾಡೋ ಮೊದಲೇ ಮುಚ್ಚಳದ ಮೇಲ್ಭಾಗ ಕತ್ತರಿಸಿ ತೆಗೀಬೇಕು. ಆಮೇಲೆ Warp ಬಳಸಿ ತಳದ ಅಂಚು, ಲೇಬಲ್ಲಿನ ಅಂಚು ಎಲ್ಲಾ ಕೆಳಕ್ಕೆ ಬಾಗೋ ಹಾಗೆ ಎಳೀಬೇಕು, ತಳ ತಳಕ್ಕೆ ಪೂರ್ತಿ ಕೂರೋವರೆಗೆ. ಕ್ಯಾಮೆರಾ ತುಂಬಾ ಮೇಲಿಂದ ನೋಡಿದ್ದರೆ ಈ ಉಪಾಯ ನಡೆಯಲ್ಲ. ಆಗ ಪಾಲಿಶ್ ಮಾಡಿದ ಗ್ರಾನೈಟ್ ತುಂಡಿನ ಮೇಲೆ ಬಾಟ್ಲಿ ಇಟ್ಟು, ಮೇಜಿನ ಫೋಟೋದಲ್ಲಿದ್ದಷ್ಟೇ ಎತ್ತರದ ಕೋನದಿಂದ ಮತ್ತೆ ಫೋಟೋ ತೆಗೆಯೋದೇ ವಾಸಿ. ನಿಜವಾದ ಬಿಂಬ ಪುಕ್ಕಟೆ ಸಿಗುತ್ತೆ.

ಬಿಂಬ ಎಷ್ಟು ಗಾಢ ಇರಬೇಕು ಅನ್ನೋದನ್ನೂ ಕ್ಯಾಮೆರಾನೇ ಹೇಳುತ್ತೆ. ವಾರ್ನಿಶ್ ಮೇಲ್ಮೈಯನ್ನ ನೆಟ್ಟಗೆ ಮೇಲಿಂದ ನೋಡಿದರೆ ಅದು ವಾಪಸ್ ಕಳಿಸೋದು ಬೆಳಕಿನ ಸುಮಾರು 4% ಮಾತ್ರ. ಮೇಜಿಗಿಂತ 10 ಡಿಗ್ರಿಯಷ್ಟೇ ಮೇಲಿಂದ ಓರೆಯಾಗಿ ನೋಡಿದರೆ ಅದು 40%ರ ಹತ್ತಿರ ಹೋಗುತ್ತೆ. ಹಾಗಾಗಿ ಬಾಟ್ಲಿಯ ತುದಿಯ ಬಿಂಬ, ನಮಗೆ ಹತ್ತಿರ ಬರೋದರಿಂದ, ತಳದ ಬಿಂಬಕ್ಕಿಂತ ತುಸು ತಿಳಿಯಾಗಿರುತ್ತೆ. ಪೂರ್ತಿ ಮಾಯವಾಗೋದು ಜಾಹೀರಾತಿನ ರೂಢಿ ಅಷ್ಟೇ.

ಕೊನೆಯ ತಪ್ಪು ಬಹಳ ಜನಕ್ಕೆ ಹೊಳೆಯೋದೇ ಇಲ್ಲ. ಆ ಮೇಜಿನ ಮೇಲೆ ಹಿಂದಿನ ಬಿಳಿ ಗೋಡೆಯ ಹೊಳಪು ಮೊದಲೇ ಬಿದ್ದಿದೆ. ಬಾಟ್ಲಿ ಅಲ್ಲಿ ನಿಂತರೆ ಅದರ ಲೇಬಲ್ಲು ಆ ಹೊಳಪನ್ನ ನಮ್ಮ ಕಣ್ಣಿಗೆ ಮರೆ ಮಾಡಬೇಕು. ಈ ಚಿತ್ರದಲ್ಲಿ ಕಡುಹಸಿರು ಲೇಬಲ್ಲಿನ ಬಿಂಬದೊಳಗೆ ಗೋಡೆಯ ಬಿಳುಪು ಹಾಗೇ ಹಾದುಹೋಗಿದೆ, ಲೇಬಲ್ಲು ಗಾಜಿನದ್ದೇನೋ ಅನ್ನೋ ಹಾಗೆ. ಬಿಂಬ ಅಂದರೆ ಸೇರಿಸೋದಷ್ಟೇ ಅಲ್ಲ, ತೆಗೆಯೋದೂ ಹೌದು. ಮೊದಲು ಬಿಂಬದ ಆಕಾರದೊಳಗಿನ ಹೊಳಪನ್ನ ಪಕ್ಕದ ಹೊಳಪಿಲ್ಲದ ಮರದಿಂದ ಮುಚ್ಚಬೇಕು. ಅದರ ಮೇಲೆ ನೆರಳು, ಎಲ್ಲಕ್ಕಿಂತ ಮೇಲೆ Screen ಇಟ್ಟ ಬಿಂಬ. ಈ ಕ್ರಮ ಯಾಕೆ ಅಂದ್ರೆ, ನೆರಳು ಕಪ್ಪು ಮಾಡೋದು ಮರವನ್ನ, ಬಿಂಬವನ್ನಲ್ಲ.

ಮುಂದಿನ ಸಲ ಇಂಥ ಚಿತ್ರ ಸಿಕ್ಕಿದಾಗ ಬಾಟ್ಲಿಯ ತಳದ ಎರಡು ಬದಿ ನೋಡಿ. ಅಲ್ಲಿ ಸಂದು ಕಂಡರೆ ಆ ಮೇಜಿನ ಮೇಲೆ ಆ ಬಾಟ್ಲಿಯನ್ನ ಯಾರೂ ಇಟ್ಟಿರಲಿಲ್ಲ ಅಂತಲೇ ಅರ್ಥ.