ಐದು ವರ್ಷದ ಬಾಕಿಗೆ ಆರು ವರ್ಷದ ಬಾಂಡ್

ಅಮರಗೋಳದ ಎಪಿಎಂಸಿಯಲ್ಲಿ ಅಡತಿ ಅಂಗಡಿ ನಡೆಸುವವರೊಬ್ಬರ ಬಳಿ 10 ಲಕ್ಷ ರೂಪಾಯಿ ಇದೆ ಎಂದುಕೊಳ್ಳಿ. ಐದು ವರ್ಷದ ಬಳಿಕ ಅವರು ಗೋದಾಮಿನ ಬಾಕಿ 14,02,550 ರೂಪಾಯಿ ಕಟ್ಟಬೇಕು. ಶೇ 7ರ ಬಡ್ಡಿ, ಅದರ ಮೇಲೂ ಶೇ 7ರ ಬಡ್ಡಿ ಬೆಳೆದರೆ ಅಷ್ಟೇ ಆಗುತ್ತದೆ. ಹಾಗಾದರೆ ಐದು ವರ್ಷದ ಸರ್ಕಾರಿ ಬಾಂಡ್ ಕೊಂಡರಾಯಿತಲ್ಲ ಎನ್ನುತ್ತಾರೆ ಬಹಳ ಜನ. ತಪ್ಪುವುದು ಅಲ್ಲೇ.

ಕೊಂಡ ಮರುದಿನವೇ ಬಡ್ಡಿದರ ಶೇ 6ಕ್ಕೆ ಇಳಿಯಿತೆನ್ನಿ. ಅಸಲು ಪೂರ್ತಿ ಬರುತ್ತದೆ. ಆದರೆ ವರ್ಷವರ್ಷ ಬರುವ 70,000 ರೂಪಾಯಿ ಕಡಿಮೆ ದರದಲ್ಲಿ ಬೆಳೆಯುವುದರಿಂದ ಕೊನೆಗೆ ಸುಮಾರು 8,000 ರೂಪಾಯಿ ಕೊರತೆ. ಹತ್ತು ವರ್ಷದ ಬಾಂಡ್ ಕೊಂಡಿದ್ದರೆ ಅಪಾಯ ತಿರುಗುಮುರುಗು: ದರ ಶೇ 8ಕ್ಕೇರಿದರೆ ಐದನೇ ವರ್ಷ ಬಾಂಡನ್ನು ಅಗ್ಗಕ್ಕೆ ಮಾರಬೇಕು, ಕೊರತೆ ಸುಮಾರು 32,000.

ಇವೆರಡರ ನಡುವೆ ಆರು ವರ್ಷದ ಬಾಂಡ್ ಇದೆ. ಬರಬೇಕಾದ ಹಣದ ಇಂದಿನ ಬೆಲೆಯನ್ನೇ ತೂಕವಾಗಿಟ್ಟು ಕಾಯುವ ಕಾಲದ ಸರಾಸರಿ ತೆಗೆದರೆ ಅದರ ‘ಡ್ಯುರೇಶನ್’ 5.1 ವರ್ಷ ಬರುತ್ತದೆ. ದರ ಶೇ 8ಕ್ಕೇರಿದರೆ ಮಾರಾಟದಲ್ಲಿ ಸುಮಾರು 9,300 ನಷ್ಟ, ಆದರೆ ಕೂಡಿಟ್ಟ ಬಡ್ಡಿ ಸುಮಾರು 8,100 ಹೆಚ್ಚು. ಕೊರತೆ 1,150ಕ್ಕೆ ನಿಲ್ಲುತ್ತದೆ. ದರ ಶೇ 6ಕ್ಕಿಳಿದರೆ ಸುಮಾರು 1,480 ಉಳಿಯುತ್ತದೆ. ಡ್ಯುರೇಶನ್ ಸರಿಯಾಗಿ ಐದೇ ಆಗಿದ್ದರೆ ಈ ಅಂತರವೂ ಬಹುಮಟ್ಟಿಗೆ ಕರಗುತ್ತಿತ್ತು.

1952ರಲ್ಲಿ ವಿಮಾ ಗಣಿತಜ್ಞ ಫ್ರಾಂಕ್ ರೆಡಿಂಗ್ಟನ್ ಇದನ್ನು ಇಮ್ಯುನೈಸೇಶನ್ ಎಂದು ಕರೆದರು. ಸೊಗಸಾದ ವಿಚಾರ, ಆದರೆ ಹೆಸರು ಸ್ವಲ್ಪ ದೊಡ್ಡದಾಯಿತು. ಒಮ್ಮೆ ಹಾಕಿಸಿಕೊಂಡು ಮರೆತುಬಿಡುವ ಲಸಿಕೆ ಇದಲ್ಲ. ಬಂದ ಬಡ್ಡಿಯಿಂದ ಅದೇ ಬಾಂಡನ್ನು ಮತ್ತೆ ಕೊಂಡರೆ, ವರ್ಷ ಕಳೆದಾಗ ಬಾಕಿಗೆ ನಾಲ್ಕೇ ವರ್ಷ ಉಳಿದರೂ ಡ್ಯುರೇಶನ್ 4.4ರ ಹತ್ತಿರ ನಿಂತಿರುತ್ತದೆ. ಹಾಗಾಗಿ ಬಡ್ಡಿಯನ್ನು ಕಡಿಮೆ ಅವಧಿಯ ಪತ್ರಗಳಿಗೆ ತಿರುಗಿಸಬೇಕು, ಪ್ರತಿವರ್ಷ ಲೆಕ್ಕ ಮರುನೋಡಬೇಕು.

ಇನ್ನೂ ದೊಡ್ಡ ಬಿರುಕು, ಎಲ್ಲ ಅವಧಿಯ ದರಗಳೂ ಒಂದೇ ಅಳತೆಯಲ್ಲಿ ಏರಿಳಿಯುತ್ತವೆ ಎಂಬ ಊಹೆ. 2019ರ ಆರಂಭದಲ್ಲಿ ಶೇ 6.5 ಇದ್ದ ರೆಪೊ ದರ 2020ರ ಮೇನಲ್ಲಿ ಶೇ 4ಕ್ಕಿಳಿಯಿತು. ಹತ್ತು ವರ್ಷದ ಸರ್ಕಾರಿ ಬಾಂಡಿನ ದರ ಅಷ್ಟು ಇಳಿಯಲಿಲ್ಲ. ಇಂಥ ಹೊತ್ತಿನಲ್ಲಿ ಮರುಹೂಡಿದ ಬಡ್ಡಿಗೆ ಬೀಳುವ ಹೊಡೆತವನ್ನು ಬಾಂಡಿನ ಬೆಲೆ ಏರಿಕೆ ತುಂಬಿಕೊಡುವುದಿಲ್ಲ. ಬಾಕಿಯ ದಿನಕ್ಕೆ ಹತ್ತಿರ ಮುಗಿಯುವ ಪತ್ರಗಳನ್ನೇ ಆರಿಸಿದಷ್ಟೂ ಈ ಬಿರುಕು ಕಿರಿದಾಗುತ್ತದೆ.

ವಿಮಾ ಕಂಪನಿಗೆ ಮರುಲೆಕ್ಕ ಮಾಡುವ ಸಿಬ್ಬಂದಿ ಇದ್ದಾರೆ. ನಮ್ಮ ಅಡತಿಯವರಿಗೆ ಅಂಥವರಿಲ್ಲ, ಮೇಲಾಗಿ ಬಡ್ಡಿಯ ಮೇಲೆ ತೆರಿಗೆಯೂ ಇದೆ. ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್‌ನಲ್ಲಿ ಸರ್ಕಾರಿ ಬಾಂಡ್ ಕೊಳ್ಳುವಷ್ಟು ಸಲೀಸಾಗಿ ಐದನೇ ವರ್ಷ ಅದನ್ನು ನ್ಯಾಯವಾದ ಬೆಲೆಗೆ ಮಾರಲಾಗದಿರಬಹುದು. ಬಡ್ಡಿಯ ಕಂತೇ ಇಲ್ಲದೆ ಅದೇ ದಿನಕ್ಕೆ ಮುಗಿಯುವ ಪತ್ರ ಸಿಕ್ಕರೆ ನಾನಂತೂ ಈ ಸಮತೋಲನದ ಗೊಡವೆಗೇ ಹೋಗುತ್ತಿರಲಿಲ್ಲ.