ನೋಟ್ಸಿಗೆ ದನಿ ಬಂದರೆ ವಿಡಿಯೋ ಆಗುತ್ತಾ?

ದ್ವಿತೀಯ ಪಿಯುಸಿ ಮಕ್ಕಳ ರಿವಿಷನ್ ಚಾನೆಲ್ ಒಂದರಲ್ಲಿ ದ್ಯುತಿವಿದ್ಯುತ್ ಪರಿಣಾಮದ ಬಗ್ಗೆ ಪುಟ್ಟ ವಿಡಿಯೋ ನೋಡಿದೆ. ವಿಷಯದಲ್ಲಿ ತಪ್ಪಿಲ್ಲ, ದನಿಯೂ ಚೆನ್ನಾಗಿದೆ. ಆದರೆ ಲೆಕ್ಚರ್ ನೋಟ್ಸಿನ ಪ್ಯಾರಾಗಳನ್ನು ಹಾಗೇ ಪರದೆಗೆ ಏರಿಸಿ, ಅದನ್ನೇ ಓದಿ ಹೇಳಿದ್ದಾರೆ.

ತೊಂದರೆ ಏನಂದ್ರೆ, ಕಣ್ಣು ನಾಲಿಗೆಗಿಂತ ಬೇಗ ಓದುತ್ತೆ. ಮಾತು ಮೊದಲ ಸಾಲಲ್ಲಿರುವಾಗ ನೋಡುವವರು ಮೂರನೇ ಸಾಲಿಗೆ ಹೋಗಿರ್ತಾರೆ. ಎರಡನ್ನೂ ಹೊಂದಿಸೋದ್ರಲ್ಲೇ ಗಮನ ಖರ್ಚಾಗಿ, ಪಕ್ಕದ ಚಿತ್ರ ಯಾರಿಗೂ ಕಾಣಲ್ಲ. ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಇದನ್ನು 'ರಿಡಂಡೆನ್ಸಿ ತತ್ವ' ಅಂತ ಕರೆದರು: ಚಿತ್ರವೂ ಮಾತೂ ಇರುವಾಗ ಅದೇ ಮಾತನ್ನು ಅಕ್ಷರದಲ್ಲೂ ತೋರಿಸಿದರೆ ಕಲಿಕೆಗೆ ಅಡ್ಡಿಯೇ ಹೆಚ್ಚು.

ಇನ್ನೊಂದು ತಕರಾರು ಕ್ರಮದ್ದು. ನೋಟ್ಸು 1887ರ ಹರ್ಟ್ಸ್ ಪ್ರಯೋಗದಿಂದ ಶುರುವಾಗುತ್ತೆ. ತರಗತಿಗೆ ಅದು ಸರಿ. ರಿವಿಷನ್‌ಗೆ ಬಂದವರು ಪಾಠ ಕೇಳಿಯೇ ಬಂದಿರ್ತಾರೆ. ಅವರು ಎಡವೋದು ಬೆಳಕಿನ ತೀವ್ರತೆ ಏನನ್ನು ಬದಲಿಸುತ್ತೆ, ಆವೃತ್ತಿ ಏನನ್ನು ಬದಲಿಸುತ್ತೆ ಅನ್ನೋ ಕಡೆ. ಸ್ಕ್ರಿಪ್ಟ್ ಅಲ್ಲಿಂದಲೇ ಹೊರಡಬೇಕಿತ್ತು. ನಾನಾಗಿದ್ರೆ ಹೀಗೆ ಬರೀತಿದ್ದೆ:

ಮಾತು: ಸೀಸಿಯಂ ಮೇಲೆ ಕೆಂಪು ಬೆಳಕು ಬಿಟ್ವಿ. ಎಲೆಕ್ಟ್ರಾನ್ ಬರಲಿಲ್ಲ. ಬೆಳಕನ್ನ ಹತ್ತು ಪಟ್ಟು ಜೋರು ಮಾಡಿದ್ರೆ?
ಪರದೆ: ಕೆಂಪು ಫೋಟಾನ್ 1.77 eV, ಸೀಸಿಯಂ ಕೇಳೋದು 2.14 eV (ಮೂರು ಸೆಕೆಂಡ್ ಮೌನ)

ಮಾತು: ಆಗಲೂ ಬರಲ್ಲ. ಫೋಟಾನ್‌ಗಳು ಹೆಚ್ಚಾದ್ವು, ಒಂದೊಂದರ ಶಕ್ತಿ ಅಷ್ಟೇ ಇದೆ. ಈಗ ನೇರಳೆ ಬೆಳಕು. ಉಳಿಯೋದೆಷ್ಟು?
ಪರದೆ ('ಉಳಿಯೋದೆಷ್ಟು' ಆದ ಮೇಲೆ): 3.10 − 2.14 = 0.96 eV

ಮಾತು: ಇದೇ ಎಲೆಕ್ಟ್ರಾನಿನ ಗರಿಷ್ಠ ಚಲನಶಕ್ತಿ.
ಪರದೆ: K_max = hν − φ

ಇಲ್ಲಿ ಪರದೆಗೆ ಹೋಗಿರೋದು ಕಿವಿಯಲ್ಲಿ ನಿಲ್ಲದ್ದು ಮಾತ್ರ: ಅಂಕಿ, ಸೂತ್ರ, ಹೆಸರು. ಕಾರಣವನ್ನೆಲ್ಲ ಮಾತು ಹೇಳುತ್ತೆ. ಅಕ್ಷರ ಯಾವ ಪದದ ಮೇಲೆ ಬರಬೇಕು ಅಂತ ಸ್ಕ್ರಿಪ್ಟಲ್ಲೇ ಗುರುತಿಸಬೇಕು. ಇಲ್ಲಾಂದ್ರೆ ಎಡಿಟ್ ಮಾಡುವವರು ವಾಕ್ಯದ ಆರಂಭಕ್ಕೇ ಹಾಕ್ತಾರೆ, ಪ್ರಶ್ನೆ ಮುಗಿಯೋ ಮೊದಲೇ ಉತ್ತರ ಬಯಲಾಗುತ್ತೆ. ನಾನು ನೋಡಿದ ವಿಡಿಯೋದಲ್ಲಿ ಆಗಿದ್ದೂ ಅದೇ: ಇಡೀ ಪ್ಯಾರಾ ಒಟ್ಟಿಗೆ ಬಂದಿದ್ದರಿಂದ ನೋಡುವವರಿಗೆ ಯೋಚಿಸೋಕೆ ಒಂದು ಕ್ಷಣವೂ ಸಿಗಲಿಲ್ಲ.

ಪರೀಕ್ಷಿಸೋದು ಸುಲಭ. ಮ್ಯೂಟ್ ಮಾಡಿ ನೋಡಿ: ಪೂರ್ತಿ ಪಾಠ ಅರ್ಥವಾದರೆ ಪರದೆಯಲ್ಲಿ ಅಕ್ಷರ ಜಾಸ್ತಿಯಾಗಿದೆ. ಕಣ್ಣು ಮುಚ್ಚಿ ಕೇಳಿ: ಏನೂ ತಪ್ಪಿಸಿಕೊಂಡ ಹಾಗೆ ಅನ್ನಿಸದಿದ್ದರೆ ಪರದೆ ಕೆಲಸ ಮಾಡ್ತಿಲ್ಲ.

ಕಿವಿ ಕೇಳದವರಿಗೆ, ಬಸ್ಸಲ್ಲಿ ಇಯರ್‌ಫೋನ್ ಇಲ್ಲದೆ ನೋಡೋರಿಗೆ ಪೂರ್ತಿ ಮಾತು ಅಕ್ಷರದಲ್ಲಿ ಬೇಕೇ ಬೇಕು. ಅದಕ್ಕೆ ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯಬಹುದಾದ ಸಬ್‌ಟೈಟಲ್ ಇದೆ. ಅದನ್ನು ಚಿತ್ರದ ಮೇಲೇ ಅಂಟಿಸಿಬಿಟ್ಟರೆ ಉಳಿದವರಿಗೆ ತಪ್ಪಿಸಿಕೊಳ್ಳೋ ದಾರಿಯೇ ಇರಲ್ಲ.